ಈ ಸಿರಪ್ ಬಾಟಲಿ ಎಷ್ಟು ದಿನ ಬರುತ್ತೆ? ಫೋಟೊ ನೋಡಿ ಹೇಳ್ತೀರಾ?

ಮಳೆಹನಿ
ಎರಡು ಫೋಟೊ ಹಾಕಿದ್ದೇನೆ. ಮೊದಲನೆಯದು ಬಾಟಲಿ. ಲೆವೆಟಿರಾಸಿಟಮ್ ಓರಲ್ ಸಲ್ಯೂಷನ್, 150 ಮಿ.ಲೀ. ಪಕ್ಕದಲ್ಲಿ 100 ಮಿ.ಗ್ರಾಂ ಅಂತ ಇದೆ, ಅದರ ಮುಂದಿನ ಅಕ್ಷರ ಬಾಟಲಿಯ ತಿರುವಿನಲ್ಲಿ ಮರೆಯಾಗಿದೆ. ಎರಡನೆಯದು ಡಾಕ್ಟರ ಚೀಟಿ. 200 ಮಿ.ಗ್ರಾಂ ದಿನಕ್ಕೆ ಎರಡು ಸಲ ಒಂದು ವಾರ, ಆಮೇಲೆ 350 ಮಿ.ಗ್ರಾಂ ದಿನಕ್ಕೆ ಎರಡು ಸಲ, ಮುಂದುವರಿಸಿ ಅಂತ ಬರೆದಿದ್ದಾರೆ. ಅಣ್ಣನ ಮಗಳಿಗೆ ಫಿಟ್ಸ್‌ಗೆ ಕೊಟ್ಟಿರುವ ಔಷಧಿ. ಒಂದು ಡೋಸ್ ಕೂಡ ತಪ್ಪಿಸಬೇಡಿ ಅಂದಿದ್ದಾರೆ. ಮುಂದಿನ ಬಾಟಲಿ ಯಾವತ್ತಿಗೆ ಕೈಯಲ್ಲಿರಬೇಕು ಅನ್ನೋದೇ ನನ್ನ ಪ್ರಶ್ನೆ. ನಾನು ಲೆಕ್ಕ ಹಾಕಿದಾಗ 37 ದಿನ ಬಂತು. ಸರಿನಾ?

ಲೆಕ್ಕಪಕ್ಕಾ
37 ಅಲ್ಲ, 21 ದಿನ. ಒಂದು ಮಿ.ಲೀ.ಗೆ 100 ಮಿ.ಗ್ರಾಂ ಅಂದರೆ 150 ಮಿ.ಲೀ. ಬಾಟಲಿಯಲ್ಲಿ ಒಟ್ಟು 15,000 ಮಿ.ಗ್ರಾಂ ಔಷಧಿ ಇದೆ. ದಿನಕ್ಕೆ 350 ಎರಡು ಸಲ, 700. ಹದಿನೈದು ಸಾವಿರವನ್ನು 700ರಿಂದ ಭಾಗಿಸಿ, 21.4. ನೀವು 400ರಿಂದ ಭಾಗಿಸಿದ್ದೀರಿ, ಅದಕ್ಕೇ 37 ಬಂದಿದೆ. ಮೊದಲ ವಾರದ ಡೋಸೇ ಕೊನೆತನಕ ನಡೆಯುತ್ತೆ ಅಂದುಕೊಂಡಿದ್ದೀರಿ.

ಬೆಟ್ಟದಹೂ
ಸ್ವಲ್ಪ ತಡೀರಿ. ಸಿರಪ್ ಲೇಬಲ್‌ಗಳಲ್ಲಿ ಪ್ರಮಾಣ ಬರೆಯೋದು 5 ಮಿ.ಲೀ.ಗೆ ಅಲ್ವಾ? ಜ್ವರದ ಸಿರಪ್ ಎಲ್ಲಾ ಹಾಗೇ ಇರುತ್ತೆ. ಇದು 5 ಮಿ.ಲೀ.ಗೆ 100 ಮಿ.ಗ್ರಾಂ ಆಗಿದ್ದರೆ 200 ಮಿ.ಗ್ರಾಂಗೆ 10 ಮಿ.ಲೀ. ಕೊಡಬೇಕು. ದಿನಕ್ಕೆ 20. ಬಾಟಲಿ ಒಂದು ವಾರ ದಾಟೋದೇ ಕಷ್ಟ.

ಅಳತೆಗೋಲು
@ಮಳೆಹನಿ, ದಿನದ ಲೆಕ್ಕ ಆಮೇಲೆ ನೋಡೋಣ, ಮೊದಲು ಆ ಮರೆಯಾಗಿರುವ ಅಕ್ಷರ ಬೇಕು. ಬಾಟಲಿ ತಿರುಗಿಸಿ ಇನ್ನೊಂದು ಫೋಟೊ ತೆಗೆಯಿರಿ. ಮಿ.ಗ್ರಾಂ ಆದಮೇಲೆ ಓರೆಗೆರೆ ಇರುತ್ತೆ, ಅದರ ಮುಂದೆ ಬರೀ ಮಿ.ಲೀ. ಅಂತ ಇದೆಯೋ, 5 ಮಿ.ಲೀ. ಅಂತ ಇದೆಯೋ ನೋಡಿ. ಅಲ್ಲಿ ಅಂಕಿ ಇಲ್ಲದಿದ್ದರೆ ಒಂದು ಮಿ.ಲೀ. ಎಂದೇ ಅರ್ಥ. ಅಲ್ಲಿ ಊಹೆ ಮಾಡಿದರೆ ದಿನಗಳ ಲೆಕ್ಕ ಮಾತ್ರ ತಪ್ಪೋದಿಲ್ಲ, ಮಗುವಿಗೆ ಐದು ಪಟ್ಟು ಔಷಧಿ ಹೋಗಬಹುದು. ಲೇಬಲ್ ಕಾಣದೆ @ಬೆಟ್ಟದಹೂ ಹೇಳಿದ 10 ಮಿ.ಲೀ.ಯನ್ನು ದಯವಿಟ್ಟು ಯಾರೂ ಸಿರಿಂಜಿಗೆ ಎಳೆಯಬೇಡಿ.

ಇನ್ನೊಂದು, ಅಂಗಡಿಯವರು ಬಾಟಲಿಗೋ ಪೆಟ್ಟಿಗೆಗೋ ಸ್ಟಿಕ್ಕರ್ ಅಂಟಿಸಿದ್ದಾರಾ? ಅದರಲ್ಲಿ ಮಿ.ಲೀ. ಲೆಕ್ಕದಲ್ಲಿ ಡೋಸ್ ಬರೆದಿದ್ದರೆ ಅದರ ಫೋಟೊನೂ ಹಾಕಿ.

ಮಳೆಹನಿ
ಹಾಕಿದೆ ನೋಡಿ. ತಿರುಗಿಸಿದಾಗ ಸ್ಪಷ್ಟವಾಗಿ 100 ಮಿ.ಗ್ರಾಂ/ಮಿ.ಲೀ. ಅಂತ ಇದೆ, ಮಧ್ಯೆ ಯಾವ ಅಂಕಿಯೂ ಇಲ್ಲ. ಪೆಟ್ಟಿಗೆಯ ಮೇಲೆ ಸ್ಟಿಕ್ಕರ್ ಇದೆ. 2 ಮಿ.ಲೀ. ಬೆಳಿಗ್ಗೆ ರಾತ್ರಿ 7 ದಿನ, ನಂತರ 3.5 ಮಿ.ಲೀ. ಬೆಳಿಗ್ಗೆ ರಾತ್ರಿ. ಆ 3 ಮತ್ತು 5ರ ನಡುವಿನ ಚುಕ್ಕಿ ಫೋಟೊದಲ್ಲಿ ಮಸುಕಾಗಿದೆ, ಕಣ್ಣಿಗೆ ಮಾತ್ರ ಕಾಣುತ್ತೆ.

ಅಳತೆಗೋಲು
ಈಗ ತಾಳೆ ನೋಡಬಹುದು. ಚೀಟಿಯ ಮಿ.ಗ್ರಾಂ ಅನ್ನು ಸ್ಟಿಕ್ಕರಿನ ಮಿ.ಲೀ.ಯಿಂದ ಭಾಗಿಸಿ. 200ನ್ನು 2ರಿಂದ ಭಾಗಿಸಿದರೆ 100. 350ನ್ನು 3.5ರಿಂದ ಭಾಗಿಸಿದರೂ 100. ಲೇಬಲ್ ಮೇಲಿರುವುದೂ 100. ಮೂರು ಕಡೆಯೂ ಒಂದೇ ಬಂತು, ಹಾಗಾಗಿ ಓದಿದ್ದು ಸರಿ. ಚುಕ್ಕಿ ಕಾಣದೆ 35 ಅಂತ ಓದಿದ್ದರೆ ಭಾಗಲಬ್ಧ 10 ಬರುತ್ತಿತ್ತು, ಲೇಬಲ್ಲಿಗೆ ಹೊಂದುತ್ತಿರಲಿಲ್ಲ, ಅಲ್ಲೇ ಸಿಕ್ಕಿಬೀಳುತ್ತಿತ್ತು. ಮೂರರಲ್ಲಿ ಒಂದು ಹೊಂದದಿದ್ದರೂ ದಿನ ಎಣಿಸುವುದನ್ನು ಅಲ್ಲಿಗೇ ಬಿಟ್ಟು ಅಂಗಡಿಗೋ ಡಾಕ್ಟರಿಗೋ ಫೋನ್ ಮಾಡಬೇಕು.

ಈಗ ದಿನದ ಲೆಕ್ಕ. @ಲೆಕ್ಕಪಕ್ಕಾ ಅವರ ದಾರಿ ಸರಿಯಿದೆ, ಆದರೆ ಅವರು ಮೊದಲ ವಾರಕ್ಕೂ 350 ಹಾಕಿಬಿಟ್ಟರು. ಡೋಸ್ ಮಧ್ಯದಲ್ಲಿ ಬದಲಾಗುವ ಚೀಟಿಯನ್ನು ತುಂಡು ಮಾಡಿ ಲೆಕ್ಕ ಹಾಕಬೇಕು. ಮೊದಲ ವಾರ ದಿನಕ್ಕೆ 4 ಮಿ.ಲೀ., ಏಳು ದಿನಕ್ಕೆ 28. ಉಳಿಯೋದು 122. ಅಲ್ಲಿಂದ ದಿನಕ್ಕೆ 7 ಮಿ.ಲೀ. 122ರಲ್ಲಿ ಏಳು 17 ಸಲ ಹೋಗುತ್ತೆ, 119. ಒಟ್ಟು 24 ದಿನ ಪೂರ್ತಿ. ತಳದಲ್ಲಿ 3 ಮಿ.ಲೀ. ಉಳಿಯುತ್ತೆ, 25ನೇ ದಿನ ಬೆಳಿಗ್ಗೆ ಬೇಕಾಗಿರೋದು 3.5. ಅಂದರೆ ಅರ್ಧ ಮಿ.ಲೀ. ಸಾಲದೆ ಆ ಡೋಸ್ ಅರೆಬರೆಯಾಗುತ್ತೆ.

ಲೆಕ್ಕಪಕ್ಕಾ
ಒಪ್ಪಿದೆ, ಮೊದಲ ವಾರ ನನ್ನ ಕಣ್ಣಿಗೆ ಬೀಳಲಿಲ್ಲ. ಆದರೆ ಎರಡನೇ ಬಾಟಲಿಯಿಂದ ನನ್ನ 21 ದಿನವೇ ಲೆಕ್ಕ, ಅಲ್ವಾ?

ಅಳತೆಗೋಲು
ಹೌದು. ಡೋಸ್ ಬದಲಾಗದೆ ಇದ್ದರೆ ಎರಡನೇ ಬಾಟಲಿ 21 ದಿನ, ಮೇಲೆ 3 ಮಿ.ಲೀ. ತಿಂಗಳಿಗೊಂದು ಬಾಟಲಿ ಅಂತ ಮನಸ್ಸಿನಲ್ಲಿ ಕೂತುಬಿಟ್ಟರೆ ಎರಡನೇ ಬಾಟಲಿಯಲ್ಲೇ ಏಟು ಬೀಳುತ್ತೆ. 30 ದಿನಕ್ಕೆ 210 ಮಿ.ಲೀ. ಬೇಕು.

ಹಳೇಚಪ್ಪರ
ಬಾಟಲಿಗಳಲ್ಲಿ ಬರೆದದ್ದಕ್ಕಿಂತ ಒಂಚೂರು ಜಾಸ್ತಿಯೇ ತುಂಬಿರುತ್ತಾರೆ. ಹಾಗಾಗಿ ಆ ಅರ್ಧ ಮಿ.ಲೀ.ಗೆ ಯಾಕಿಷ್ಟು ಯೋಚನೆ? 25ನೇ ದಿನ ಬೆಳಿಗ್ಗೆ ಆರಾಮಾಗಿ ಸಿಗುತ್ತೆ.

ರಾತ್ರಿಪಾಳಿ
@ಹಳೇಚಪ್ಪರ, ಜಾಸ್ತಿ ತುಂಬಿರಬಹುದು ಸರ್, ಆದರೆ ಅದು ಎಷ್ಟು ಅಂತ ಲೇಬಲ್ ಹೇಳೋದಿಲ್ಲ. ಖರ್ಚಿನ ಕಡೆ ನೋಡಿದರೆ ಲೆಕ್ಕ ಉಲ್ಟಾ ಹೊಡೆಯುತ್ತೆ.

ಸಿರಿಂಜ್ ಖಾಲಿ ಮಾಡಿದ ಮೇಲೂ ಅದರ ಮೂತಿಯೊಳಗೆ ಒಂದೆರಡು ಹನಿ ನಿಂತಿರುತ್ತೆ. ತೊಳೆಯುವಾಗ ಅದು ನೀರಿನ ಜೊತೆ ಹೋಗುತ್ತೆ. ಗುಳ್ಳೆ ತೆಗೆಯೋಕೆ ಅಂತ ಒಂದು ತೊಟ್ಟು ಹೊರಗೆ ಚಿಮ್ಮಿಸುವವರೂ ಇದ್ದಾರೆ. ಒಂದು ಸಲಕ್ಕೆ 0.1 ಮಿ.ಲೀ. ಹೋಯಿತು ಅಂತ ಹಿಡಿಯಿರಿ. ಆಗ 2 ಮಿ.ಲೀ. ಡೋಸಿಗೆ ಬಾಟಲಿಯಿಂದ ಹೋಗೋದು 2.1, 3.5ಕ್ಕೆ ಹೋಗೋದು 3.6. ಮೊದಲ ವಾರದ 14 ಡೋಸಿಗೆ 29.4 ಖರ್ಚು. ಉಳಿದ 120.6ರಲ್ಲಿ 3.6ರಂತೆ 33 ಡೋಸ್ ಮಾತ್ರ. ಒಟ್ಟು 47. ಅಳತೆಗೋಲು ಅವರ ಲೆಕ್ಕದಲ್ಲಿ 48 ಇತ್ತು. ಅಂದರೆ 24ನೇ ದಿನ ರಾತ್ರಿಯ ಡೋಸೇ ಪೂರ್ತಿ ಸಿಗೋದಿಲ್ಲ.

ಹಳೇಚಪ್ಪರ
0.1 ಅನ್ನೋದು ನಿಮ್ಮ ಅಂದಾಜು ತಾನೆ? ಬಾಟಲಿಯ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬಿರಡೆ ಇದ್ದರೆ, ತಲೆಕೆಳಗೆ ಮಾಡಿ ಎಳೆದು, ಗುಳ್ಳೆಯನ್ನು ವಾಪಸ್ ಬಾಟಲಿಗೇ ತಳ್ಳಿದರೆ ಅಷ್ಟೆಲ್ಲಾ ಹೋಗಲ್ಲ.

ರಾತ್ರಿಪಾಳಿ
ಅಂದಾಜೇ ಸರ್, ಒಪ್ತೀನಿ. ಬಿರಡೆ ಇದ್ದರೆ ನಷ್ಟ ಕಡಿಮೆ, ಅದೂ ನಿಜ. ಬಿರಡೆ ಇಲ್ಲದೆ ಮುಚ್ಚಳಕ್ಕೆ ಸುರಿದು ಅದರಿಂದ ಎಳೆದರೆ ಮುಚ್ಚಳದ ಗೋಡೆಗೆ ಅಂಟಿಕೊಂಡದ್ದು ಪ್ರತಿ ಸಲ ಹೋಗುತ್ತೆ. ಸಿರಿಂಜಿನಿಂದ ಸಿರಿಂಜಿಗೆ, ಕೈಯಿಂದ ಕೈಗೆ ಇದು ಬದಲಾಗುತ್ತೆ. ನಾನು ಹೇಳೋದು ಇಷ್ಟೇ, ಹೆಚ್ಚು ತುಂಬಿರಬಹುದು ಅನ್ನೋದನ್ನು ಎಣಿಸಬೇಡಿ, ಚೆಲ್ಲಬಹುದು ಅನ್ನೋದನ್ನು ಎಣಿಸಿ. ಮಗು ಉಗುಳಿದರೆ, ವಾಂತಿ ಮಾಡಿಕೊಂಡರೆ ಮತ್ತೆ ಕೊಡಬೇಕೋ ಬೇಡವೋ ಅನ್ನೋದನ್ನು ಡಾಕ್ಟರ್ ಹೇಳಬೇಕು. ಕೊಡಿ ಅಂದರೆ ಒಂದು ಡೋಸ್ ಅಲ್ಲಿಗೆ ಹೋಯ್ತು.

ತೊಟ್ಟಿಲು
ನಮ್ಮದೂ ಇಂಥದ್ದೇ, ಇಲ್ಲೇ ಕೇಳ್ತೀನಿ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಸಿಡ್ ಸೇರಿದ ಪುಡಿ ಬಾಟಲಿ, ನೀರು ಹಾಕಿದರೆ 30 ಮಿ.ಲೀ. ಆಗುತ್ತೆ. ಮುಂದುಗಡೆ ದೊಡ್ಡದಾಗಿ 228.5 ಮಿ.ಗ್ರಾಂ/5 ಮಿ.ಲೀ. ಅಂತ ಇದೆ. ಚೀಟಿಯಲ್ಲಿ 240 ಮಿ.ಗ್ರಾಂ ದಿನಕ್ಕೆರಡು ಸಲ, 7 ದಿನ. ನಾನು ಲೆಕ್ಕ ಹಾಕಿದಾಗ ಒಂದು ಸಲಕ್ಕೆ 5.25 ಮಿ.ಲೀ. ಬಂತು. ಹಾಗಾದರೆ ಬಾಟಲಿ ಮೂರು ದಿನಕ್ಕೆ ಒಂಚೂರು ಕಡಿಮೆ, ಅಲ್ವಾ?

ಅಳತೆಗೋಲು
@ತೊಟ್ಟಿಲು, ನಿಮ್ಮ ಬಾಟಲಿಯ ಹಿಂದುಗಡೆ ಸಣ್ಣ ಅಕ್ಷರ ಓದಿ. ಪ್ರತಿ 5 ಮಿ.ಲೀ.ಯಲ್ಲಿ ಅಮಾಕ್ಸಿಸಿಲಿನ್ 200 ಮಿ.ಗ್ರಾಂ, ಕ್ಲಾವುಲನಿಕ್ ಆಸಿಡ್ 28.5 ಮಿ.ಗ್ರಾಂ ಅಂತ ಇರಬೇಕು. ಮುಂದಿನ 228.5 ಅನ್ನೋದು ಎರಡೂ ಕೂಡಿಸಿದ ಮೊತ್ತ. ಮಕ್ಕಳ ಡೋಸನ್ನು ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಭಾಗದ ಮೇಲೆ ಲೆಕ್ಕ ಹಾಕುತ್ತಾರೆ. 240 ಅನ್ನೋದು ಹಾಗೆ ಬರೆದದ್ದಾದರೆ ಅದನ್ನು ಭಾಗಿಸಬೇಕಾದದ್ದು 200ರಿಂದ. ಆಗ ಒಂದು ಸಲಕ್ಕೆ 6 ಮಿ.ಲೀ. ಬರುತ್ತೆ, ದಿನಕ್ಕೆ 12, ಬಾಟಲಿ ಎರಡೂವರೆ ದಿನ. ಏಳು ದಿನಕ್ಕೆ 84 ಮಿ.ಲೀ., ಅಂದರೆ ಮೂರು ಬಾಟಲಿ, ಕೊನೆಗೆ 6 ಮಿ.ಲೀ. ಮಿಕ್ಕುತ್ತೆ.

ಬೆಟ್ಟದಹೂ
ಆದರೆ ಚೀಟಿಯಲ್ಲಿ ಬರೀ 240 ಅಂತಿದೆಯಲ್ಲ, ಯಾವುದರ 240 ಅಂತ ಬರೆದಿಲ್ಲ. ಒಟ್ಟು ಮೊತ್ತದ ಮೇಲೆ ಬರೆದಿದ್ದರೆ 5.25 ಸರಿಯಾಗೋಲ್ವಾ?

ಅಳತೆಗೋಲು
ಅದನ್ನು ಫೋಟೊ ನೋಡಿ ಹೇಳೋಕೆ ನನ್ನಿಂದಾಗೋದಿಲ್ಲ. ಯಾವ ಕಡೆಯಿಂದ ನೋಡಿದರೂ ಬರೆದವರನ್ನು ಕೇಳೋದೇ ದಾರಿ. @ತೊಟ್ಟಿಲು, ಫೋನಿನಲ್ಲಿ ಎಷ್ಟು ಮಿ.ಗ್ರಾಂ ಅಂತ ಕೇಳಬೇಡಿ, ಈ ಬಾಟಲಿಯಿಂದ ಒಂದು ಸಲಕ್ಕೆ ಎಷ್ಟು ಮಿ.ಲೀ. ಅಂತ ಕೇಳಿ. ಬಾಟಲಿಯ ಎರಡೂ ಅಂಕಿ ಓದಿ ಹೇಳಿ.

ರಾತ್ರಿಪಾಳಿ
ಮೂರು ಬಾಟಲಿ ತಂದರೆ ಮೂರಕ್ಕೂ ಒಟ್ಟಿಗೆ ನೀರು ಹಾಕಬೇಡಿ. ನೀರು ಬಿದ್ದ ಗಳಿಗೆಯಿಂದ ಅದರ ಆಯಸ್ಸು ಶುರು. ಇಂಥ ಬಾಟಲಿಗಳಲ್ಲಿ ಬಹಳಷ್ಟಕ್ಕೆ ಫ್ರಿಜ್ಜಿನಲ್ಲಿಟ್ಟರೆ 7 ದಿನ ಅಂತಿರುತ್ತೆ, ನಿಮ್ಮ ಲೇಬಲ್ ಏನು ಹೇಳುತ್ತೋ ಅದೇ ಕೊನೆ ಮಾತು. ಒಂದು ಮುಗಿದ ಮೇಲೆ ಇನ್ನೊಂದು ಕಲಸಿ. ಕೊನೆಗೆ ಮಿಕ್ಕ 6 ಮಿ.ಲೀ.ಯನ್ನು ಮುಂದಿನ ಜ್ವರಕ್ಕೆ ಅಂತ ಎತ್ತಿಡಬೇಡಿ.

ನೀರು ಹಾಕುವಾಗಲೂ ಗಮನ ಇರಲಿ. ಮೊದಲು ಬಾಟಲಿ ತಟ್ಟಿ ಪುಡಿ ಸಡಿಲ ಮಾಡಿ, ಗುರುತಿಗಿಂತ ಕೆಳಗೆ ನೀರು ಹಾಕಿ ಚೆನ್ನಾಗಿ ಕುಲುಕಿ, ನೊರೆ ಇಳಿಯಲು ಬಿಟ್ಟು ಆಮೇಲೆ ಗುರುತಿನ ತನಕ ತುಂಬಿ. ನೊರೆಯನ್ನೇ ಮಟ್ಟ ಅಂದುಕೊಂಡು ನಿಲ್ಲಿಸಿದರೆ ನೀರು ಕಡಿಮೆ ಬಿದ್ದಿರುತ್ತೆ. ಆಗ ಬಾಟಲಿ ಎರಡೂವರೆ ದಿನ ಬರೋದಿಲ್ಲ, ಪ್ರತಿ ಡೋಸೂ ಹೇಳಿದ್ದಕ್ಕಿಂತ ಗಟ್ಟಿಯಾಗುತ್ತೆ. ಕೆಲವು ಬಾಟಲಿಯ ಜೊತೆ ಅಳತೆ ಮಾಡಿದ ನೀರೇ ಬರುತ್ತೆ, ಕೆಲವು ಲೇಬಲ್‌ಗಳಲ್ಲಿ ಇಷ್ಟು ಮಿ.ಲೀ. ನೀರು ಅಂತಲೇ ಇರುತ್ತೆ. ಹಾಗಿದ್ದರೆ ಅದನ್ನೇ ಅನುಸರಿಸಿ.

ತೊಟ್ಟಿಲು
ಫೋನ್ ಮಾಡಿ ಕೇಳ್ತೀನಿ. ಹಿಂದುಗಡೆ ನೀವು ಹೇಳಿದಂತೆಯೇ 200 ಮತ್ತು 28.5 ಇದೆ.

ಮಳೆಹನಿ
ನನ್ನ ಬಾಟಲಿಗೆ ವಾಪಸ್ ಬರೋಣ್ವಾ? ಇವತ್ತು 5ನೇ ತಾರೀಕು. ಮೊದಲ ಡೋಸ್ ಇವತ್ತು ರಾತ್ರಿ ಕೊಡ್ತೀವಿ, ಬೆಳಿಗ್ಗೆಯದು ಇಲ್ಲ. ಆಗ 24 ದಿನ ಅನ್ನೋದನ್ನು ಯಾವ ತಾರೀಕಿನಿಂದ ಎಣಿಸಬೇಕು?

ಲೆಕ್ಕಪಕ್ಕಾ
5ಕ್ಕೆ 24 ಕೂಡಿಸಿ, 29. ಅಷ್ಟೇ.

ಅಳತೆಗೋಲು
29 ಅಂತಷ್ಟೇ ಹೇಳಿದರೆ ಅರ್ಧ ಉತ್ತರ. 29ರ ಬೆಳಿಗ್ಗೆನಾ ರಾತ್ರಿನಾ? ದಿನ ಬಿಟ್ಟು ಡೋಸ್ ಎಣಿಸಿದರೆ ಗೊಂದಲ ಇರೋದಿಲ್ಲ. 2 ಮಿ.ಲೀ.ಯ 14 ಡೋಸ್, 5ರ ರಾತ್ರಿ ಶುರುವಾಗಿ 12ರ ಬೆಳಿಗ್ಗೆಗೆ ಮುಗಿಯುತ್ತೆ. 12ರ ರಾತ್ರಿಯಿಂದ 3.5 ಮಿ.ಲೀ. ಶುರು. ಅದರ 34 ಡೋಸ್ ಸಿಗುತ್ತೆ, ಕೊನೆಯದು 29ರ ಬೆಳಿಗ್ಗೆ. 29ರ ರಾತ್ರಿಗೆ 3 ಮಿ.ಲೀ. ಮಾತ್ರ. @ರಾತ್ರಿಪಾಳಿ ಅವರ 47 ಡೋಸ್ ಲೆಕ್ಕ ಹಿಡಿದರೆ 28ರ ರಾತ್ರಿಯದೇ ಕೊನೆ, 29ರ ಬೆಳಿಗ್ಗೆಗೇ ಸಾಲದು.

ಒಂದು ವಾರ ಅಂದಿದ್ದನ್ನು 12ರ ಬೆಳಿಗ್ಗೆಗೆ ಮುಗಿಸಬೇಕೋ, 12ರ ರಾತ್ರಿಯೂ 2 ಮಿ.ಲೀ. ಕೊಟ್ಟು 13ರ ಬೆಳಿಗ್ಗೆ ಏರಿಸಬೇಕೋ ಅನ್ನೋದನ್ನು ಡಾಕ್ಟರ್ ಹತ್ತಿರ ಕೇಳಿಬಿಡಿ. ಬಾಟಲಿ ಲೆಕ್ಕಕ್ಕೆ ಅದರಿಂದ ಒಂದೂವರೆ ಮಿ.ಲೀ. ವ್ಯತ್ಯಾಸ, ದೊಡ್ಡದೇನಲ್ಲ.

ಹಳೇಚಪ್ಪರ
ಒಂದೂವರೆ ಮಿ.ಲೀ. ಉಳಿದರೆ 29ರ ರಾತ್ರಿಗೆ 3ರ ಬದಲು 4.5 ಇರುತ್ತೆ. ಆಗ ಆ ಡೋಸ್ ಪೂರ್ತಿ ಆಯಿತಲ್ಲ!

ಅಳತೆಗೋಲು
ಒಂದು ಹನಿಯೂ ಚೆಲ್ಲದಿದ್ದರೆ ಆಗುತ್ತೆ. ಆದರೆ ಈ ಔಷಧಿಯನ್ನು ಕೊನೆಯ ಡೋಸಿನ ತನಕ ಎಳೆದುಕೊಂಡು ಹೋಗುವ ವಿಚಾರವೇ ಬೇಡ ಸರ್. ಇದು ಇದ್ದಕ್ಕಿದ್ದಂತೆ ನಿಂತರೆ ಫಿಟ್ಸ್ ಮತ್ತೆ ಬರಬಹುದು. ಈ ದ್ರಾವಣ ಎಲ್ಲ ಅಂಗಡಿಯಲ್ಲೂ ಯಾವಾಗಲೂ ಇರುತ್ತೆ ಅನ್ನೋ ಹಾಗಿಲ್ಲ. ತರಿಸಿಕೊಡಲು ಎಷ್ಟು ದಿನ ಬೇಕು ಅಂತ ಅಂಗಡಿಯಲ್ಲಿ ಇವತ್ತೇ ಕೇಳಿ, ಅದರ ಮೇಲೆ ಮೂರು ನಾಲ್ಕು ದಿನ ಸೇರಿಸಿ 28ರಿಂದ ಹಿಂದಕ್ಕೆ ಎಣಿಸಿ. ಅವರು ಮೂರು ದಿನ ಅಂದರೆ ನಾನಾದರೆ 21ಕ್ಕೇ ಹೇಳಿಡ್ತೀನಿ.

ರಾತ್ರಿಪಾಳಿ
ಲೆಕ್ಕ ಹಾದಿ ತಪ್ಪಿದೆಯಾ ಅಂತ ಮಧ್ಯದಲ್ಲೇ ಗೊತ್ತಾಗೋಕೆ ಒಂದು ಉಪಾಯ ಇದೆ. ಬಾಟಲಿ ತೆರೆಯುವ ಮೊದಲು ದ್ರವದ ಮಟ್ಟಕ್ಕೆ ಕಾಗದದ ಪಟ್ಟಿ ಅಂಟಿಸಿ ಗೆರೆ ಹಾಕಿ, ತೆರೆದ ತಾರೀಕು ಬರೆಯಿರಿ. 12ರ ಬೆಳಿಗ್ಗೆ ಡೋಸ್ ಆದಮೇಲೆ ಇನ್ನೊಂದು ಗೆರೆ. ಅಷ್ಟರಲ್ಲಿ ಹೋಗಿರಬೇಕಾದದ್ದು 28 ಮಿ.ಲೀ., ಬಾಟಲಿಯ ಐದರಲ್ಲಿ ಒಂದು ಭಾಗಕ್ಕೂ ಕಡಿಮೆ. ಗೆರೆ ಮೂರರಲ್ಲಿ ಒಂದು ಭಾಗದಷ್ಟು ಇಳಿದಿದ್ದರೆ ಯಾರೋ ಡೋಸ್ ತಪ್ಪು ಎಳೆಯುತ್ತಿದ್ದಾರೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಇಳಿದೇ ಇಲ್ಲ ಅನ್ನೋ ಹಾಗಿದ್ದರೆ ಡೋಸ್ ಬಿಟ್ಟುಹೋಗಿದೆ. ಮನೆಯಲ್ಲಿ ಇಬ್ಬರು ಔಷಧಿ ಕೊಡ್ತಿದ್ದರೆ ಇದು ತುಂಬಾ ಉಪಯೋಗಕ್ಕೆ ಬರುತ್ತೆ. ಬಾಟಲಿಯ ಹೆಗಲು ಸಪೂರ ಇರೋದರಿಂದ ಗೆರೆ ಪೂರ್ತಿ ನಿಖರ ಅಲ್ಲ, ದೊಡ್ಡ ತಪ್ಪು ಹಿಡಿಯೋಕೆ ಸಾಕು.

ಬೆಟ್ಟದಹೂ
ಮುಂದಿನ ಸಲ ಬೇರೆ ಕಂಪನಿಯ ಬಾಟಲಿ ಕೊಟ್ಟು ಅದರ ಮೇಲೆ 500 ಮಿ.ಗ್ರಾಂ/5 ಮಿ.ಲೀ. ಅಂತ ಇದ್ದರೆ? ಅದು ಐದು ಪಟ್ಟು ಗಟ್ಟಿ ಅಂತ ಡೋಸ್ ಇಳಿಸಬೇಕಾ?

ಲೆಕ್ಕಪಕ್ಕಾ
ಬೇಡ. 500ನ್ನು 5ರಿಂದ ಭಾಗಿಸಿದರೆ ಒಂದು ಮಿ.ಲೀ.ಗೆ 100 ತಾನೆ? ಔಷಧಿ ಅಷ್ಟೇ ಗಟ್ಟಿ, ಬರೆದ ರೀತಿ ಬೇರೆ.

ಅಳತೆಗೋಲು
ಸರಿಯಾಗಿ ಹೇಳಿದಿರಿ. ಯಾವ ಬಾಟಲಿ ಬಂದರೂ ಮೊದಲು ಒಂದು ಮಿ.ಲೀ.ಗೆ ಎಷ್ಟು ಅಂತ ಇಳಿಸಿಕೊಳ್ಳಿ, ಆಮೇಲೆ ಹಳೆಯ ಬಾಟಲಿಗೆ ಹೋಲಿಸಿ. ಅದು 100 ಬಾರದಿದ್ದರೆ ಅಂಗಡಿಯಲ್ಲೇ ನಿಂತು ಕೇಳಿ. ಕಂಪನಿ ಬದಲಾಯಿಸುವ ಮೊದಲು ಡಾಕ್ಟರಿಗೂ ಒಂದು ಮಾತು ತಿಳಿಸಿ, ಫಿಟ್ಸ್ ಔಷಧಿಯಲ್ಲಿ ಕೆಲವರು ಒಂದೇ ಕಂಪನಿಯದು ಮುಂದುವರಿಸಿ ಅನ್ನುತ್ತಾರೆ.

ಹಳೇಚಪ್ಪರ
ಹೆಚ್ಚು ತುಂಬಿರುತ್ತಾರೆ ಅನ್ನೋ ನನ್ನ ಮಾತನ್ನು ನಾನು ಬಿಡೋದಿಲ್ಲ. ಆದರೆ 21ಕ್ಕೆ ಹೇಳಿಡೋದು ಒಳ್ಳೆಯದೇ.

ಮಳೆಹನಿ
ಅಂಗಡಿಗೆ ಕೇಳಿದೆ, ಎರಡು ದಿನ ಬೇಕಂತೆ. 22ಕ್ಕೆ ಹೇಳಿಡ್ತೀನಿ, 24ಕ್ಕೆ ಕೈಗೆ ಬರುತ್ತೆ. ಬಾಟಲಿಗೆ ಪಟ್ಟಿ ಅಂಟಿಸಿ 5 ಅಂತ ಬರೆದೆ. ಬಿರಡೆ ಪೆಟ್ಟಿಗೆಯೊಳಗೇ ಇತ್ತು, ಕಾಗದದ ಕೆಳಗೆ ಬಿದ್ದಿತ್ತು. 12ರ ರಾತ್ರಿ ಯಾವ ಡೋಸ್ ಅನ್ನೋದಕ್ಕೆ ಡಾಕ್ಟರ್ ಇನ್ನೂ ಸಿಕ್ಕಿಲ್ಲ, ನಾಳೆ ಮತ್ತೆ ಫೋನ್ ಮಾಡ್ತೀನಿ.